ನಾಲ್ಕನೇ ಲೇನಿನಲ್ಲಿ ಒಂದು ಸುತ್ತು

ಗೋಕಾಕದ ಒಂದು ಕಾಲೇಜಿನಲ್ಲಿ ನಾನು ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಕಲಿಸುತ್ತೇನೆ. ತವರು ಮೂಡಲಗಿ, ಗಂಡನ ಮನೆ ಹುಕ್ಕೇರಿ, ಪಗಾರ ಕೊಡುವ ಊರು ಗೋಕಾಕ. ಬೆಳಗ್ಗೆ ಹುಕ್ಕೇರಿಯಲ್ಲಿ ಬಸ್ ಹತ್ತಿದವಳು ಸಂಜೆ ಅಲ್ಲೇ ಇಳಿಯುತ್ತೇನೆ. ಈ ಓಡಾಟವನ್ನೇ ಪ್ರತಿ ವರ್ಷ ಪಾಠಕ್ಕೆ ಎಳೆದು ತರುತ್ತೇನೆ. ಬಸ್ಸಿನಲ್ಲಿ ಕುಲುಕಾಡಿದ ದೂರವನ್ನೆಲ್ಲ ಕೂಡಿಸಿ, ಹಿಡಿದ ಹೊತ್ತಿನಿಂದ ಭಾಗಿಸಿದರೆ ಸಿಗುವುದು ಸರಾಸರಿ ಜವ. ಸರಾಸರಿ ವೇಗ ಬೇರೆ, ಅದಕ್ಕೆ ದಾರಿಯ ಹಂಗಿಲ್ಲ. ಎಲ್ಲಿ ಹೊರಟೆ, ಎಲ್ಲಿ ನಿಂತೆ, ಅವೆರಡರ ನಡುವಿನ ನೇರ ಅಂತರ ಎಷ್ಟು, ಯಾವ ದಿಕ್ಕಿಗೆ ಎಂಬುದನ್ನಷ್ಟೇ ಹಿಡಿದು, ಅದನ್ನು ಹೊತ್ತಿನಿಂದ ಭಾಗಿಸಬೇಕು. ಹೊರಟಲ್ಲೇ ಬಂದು ನಿಂತವಳ ಸರಾಸರಿ ವೇಗ ಸೊನ್ನೆ. ಹುಡುಗರು ನಗುತ್ತಾರೆ, ಬರೆದುಕೊಳ್ಳುತ್ತಾರೆ, ಪಾಠ ಮುಂದಕ್ಕೆ ಹೋಗುತ್ತದೆ.

ಆ ವರ್ಷ ಪಾಠ ಮುಂದಕ್ಕೆ ಹೋಗಲಿಲ್ಲ. ಬಸ್ಸಿನ ಮಾತು ಮುಗಿಸಿ ಬೋರ್ಡಿನ ಮೇಲೆ ಒಂದು ದುಂಡನೆ ಗೆರೆ ಎಳೆದು, ಅದರ ಮೇಲೊಂದು ಚುಕ್ಕೆ ಇಟ್ಟು, ಓಟಗಾರ ಇಲ್ಲಿಂದ ಹೊರಟು ಒಂದು ಸುತ್ತು ಹಾಕಿ ಇಲ್ಲಿಗೇ ಬಂದ, ಅವನ ಸರಾಸರಿ ವೇಗ ಎಷ್ಟು ಎಂದು ಕೇಳಿದೆ. ಎಲ್ಲರೂ ಸೊನ್ನೆ ಎಂದು ಕೂಗಿದರು. ಮೂರನೇ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಮಮದಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಆಕೆ ನಮ್ಮ ಕಾಲೇಜಿನಲ್ಲೇ ಜೋರಾಗಿ ಓಡುವ ಹುಡುಗಿ.

"ನಾ ದಿನಾ ಓಡತೇನ್ರಿ ಮೇಡಮ್. ಉಸಿರು ಬಾಯಿಗೆ ಬರತೈತಿ, ಹೊಟ್ಟಿ ಹಿಡಕೊಂಡು ಕುಂದರತೇನಿ. ಅದೆಲ್ಲಾ ಸೊನ್ನಿ ಹೆಂಗ ಆಗತೈತ್ರಿ?"

ಸರಾಸರಿ ಜವ ಸೊನ್ನೆಯಲ್ಲ, ಸರಾಸರಿ ವೇಗ ಮಾತ್ರ ಸೊನ್ನೆ ಎಂದು ಹೇಳಿದೆ. ಸರಿಯಾದ ಉತ್ತರವೇ. ಆದರೆ ಆಕೆಯ ಮುಖ ನೋಡಿದರೆ ಅದು ಒಳಗೆ ಇಳಿದಿರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹಿಂದಿನ ಬೆಂಚಿನ ಭೂಪರಿಗೆ ಇಷ್ಟು ಸಾಕಾಯಿತು. ಮರುದಿನದಿಂದ ಆಕೆ ಒಳಗೆ ಬಂದರೆ ಸಾಕು, ಸೊನ್ನಿ ಬಂತು ನೋಡ್ರೋ ಎಂದು ಗುಸುಗುಸು. ನನ್ನ ಕಿವಿಗೆ ಬಿದ್ದ ದಿನ ಇಬ್ಬರನ್ನು ಹೊರಗೆ ನಿಲ್ಲಿಸಿ ಚೆನ್ನಾಗಿ ಝಾಡಿಸಿದೆ. ಅಷ್ಟು ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು.

ಆಕೆ ಸ್ಟಾಫ್ ರೂಮಿಗೆ ಬಂದು, ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಹೋಗುತ್ತೇನೆ ಎಂದಳು. ವಿಭಾಗ ಬದಲಿಸಿಕೊಳ್ಳಲು ಶನಿವಾರವೇ ಕಡೆಯ ದಿನ. ಆ ದಿನ ಅಪ್ಪನೂ ಬಂದು ಪ್ರಿನ್ಸಿಪಾಲರ ಮುಂದೆ ಒಪ್ಪಿಗೆ ಹೇಳಬೇಕು. ಆಕೆಯ ಅಪ್ಪ ನನಗೆ ಗೊತ್ತು. ಹತ್ತರಗಿಯ ಕಡೆ ಒಂದು ದವಾಖಾನೆಯಲ್ಲಿ ಔಷಧ ಕೊಡುವ ಕೆಲಸ. ಅವರ ಅಪ್ಪ ಅವ್ವ ಇಬ್ಬರೂ ಹೊಲದ ಕೂಲಿಗೆ ಹೋದವರು. ಆ ಮನೆಯಲ್ಲಿ ಸೈನ್ಸ್ ಓದಿದ ಮೊದಲ ಮನುಷ್ಯ ಇವರು. ಮಗಳನ್ನು ಸೇರಿಸಲು ಬಂದ ದಿನ ನನ್ನ ಮುಂದೆ ನಿಂತು, ಇಕಿ ನನಕಿಂತ ಮುಂದ ಹೋಗಬೇಕ್ರಿ ಎಂದು ಒಂದೇ ಮಾತು ಹೇಳಿದ್ದರು. ಆ ಮಾತು ನೆನಪಾಯಿತು. ನನಗೆ ಸಂಕಟವಾದರೆ ಹೊರಗೆ ಬರುವುದು ಸಿಟ್ಟೇ.

ಹುಡುಗರ ಗುಸುಗುಸು ಕೇಳಿ ಓದು ಬಿಡುವುದಾದರೆ ನಿನ್ನ ಓಟವನ್ನೂ ಬಿಡು, ಅಲ್ಲಿಯೂ ಮಂದಿ ನಗುತ್ತಾರೆ ಎಂದೆ. ಆಕೆ ಬಗ್ಗಲಿಲ್ಲ. ನಗುವವರಿಗೆ ಹೆದರಿ ಅಲ್ಲ, ತಾನು ಮಾಡಿದ್ದನ್ನು ಲೆಕ್ಕಕ್ಕೇ ಹಿಡಿಯದ ವಿಷಯ ತನಗೆ ಬೇಡ ಎಂದಳು. ಎಲಾ ಇವಳ, ಎಂದುಕೊಂಡೆ. ಬಾಯಲ್ಲಿ ಮಾತ್ರ, ಶುಕ್ರವಾರ ಮೈದಾನಕ್ಕೆ ಬಾ, ಓಡುವ ಬೂಟು ತಾ ಎಂದೆ. ಅಲ್ಲಿ ಏನು ಮಾಡಬೇಕೆಂದು ನನಗೂ ಪೂರ್ತಿ ಗೊತ್ತಿರಲಿಲ್ಲ.

ಮೈದಾನ ನಮ್ಮ ದೈಹಿಕ ಶಿಕ್ಷಕರ ರಾಜ್ಯ. ತಾಲೂಕು ಕ್ರೀಡಾಕೂಟ ಹತ್ತಿರ ಬಂದಿತ್ತು, ಮನುಷ್ಯ ಆಗಲೇ ಸುಣ್ಣದ ಗೆರೆ ಹೊಡೆಸಿ ಕಾವಲಿಗೆ ನಿಂತಿದ್ದರು. ನಮ್ಮದು ಇನ್ನೂರು ಮೀಟರಿನ ಸಣ್ಣ ಟ್ರ್ಯಾಕು. ಒಂದು ಸುತ್ತು ಹಾಕಿದರೆ ಇನ್ನೂರು ಮುಗಿಯಿತು. ಶುಕ್ರವಾರ ಇಡೀ ತರಗತಿಯನ್ನು ಅಲ್ಲಿಗೆ ಕರೆದೊಯ್ದು, ಓಡುವವರನ್ನೆಲ್ಲ ಒಂದೇ ಗೆರೆಯಲ್ಲಿ ನಿಲ್ಲಿಸಿ ಒಂದು ಸುತ್ತು ಓಡಿಸಿರಿ, ನನಗೆ ಒಂದು ಸೊನ್ನೆ ಬೇಕು, ಅಷ್ಟೇ ಎಂದು ಕೇಳಿದೆ. ಅವರು ಖಡಾಖಂಡಿತ ಆಗದು ಎಂದರು. ಹೊರಗಿನ ಲೇನಿನ ಸುತ್ತು ಒಳಗಿನದಕ್ಕಿಂತ ಉದ್ದ, ಅದಕ್ಕೇ ಹೊರಗಿನವರನ್ನು ಅಷ್ಟಷ್ಟು ಮುಂದೆ ನಿಲ್ಲಿಸಬೇಕು, ತಮ್ಮ ಮೈದಾನದಲ್ಲಿ ತಪ್ಪು ಗೆರೆಯಿಂದ ಅಭ್ಯಾಸ ಮಾಡಿದ ಹುಡುಗರು ಕೂಟದಲ್ಲಿಯೂ ತಪ್ಪೇ ಮಾಡುತ್ತಾರೆ ಎಂದು ಭಾಷಣವಾಯಿತು. ನಾವಿಬ್ಬರೂ ಹುಡುಗರ ಮುಂದೆಯೇ ಜಗಳ ಆಡಿದೆವು. ಕಡೆಗೆ ಅವರೇ ಗೆದ್ದರು. ಒಳಗಿನ ಮೊದಲ ಲೇನಿನ ಹುಡುಗ ಅಂತಿಮ ಗೆರೆಯ ಮೇಲೆಯೇ ನಿಂತ. ನಮ್ಮ ಹುಡುಗಿ ತನ್ನ ನಾಲ್ಕನೇ ಲೇನಿನಲ್ಲಿ, ಅವನಿಗಿಂತ ಇಪ್ಪತ್ತೆರಡು ಮೀಟರಿನಷ್ಟು ಮುಂದೆ, ತಿರುವಿನಲ್ಲಿ ನಿಂತಳು.

ದೈಹಿಕ ಶಿಕ್ಷಕರು ಶಿಳ್ಳೆ ಹೊಡೆದರು. ಆಕೆ ಓಡುವುದನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ತರಗತಿಯಲ್ಲಿ ಮುದುಡಿ ಕೂರುವ ಹುಡುಗಿ ಇವಳೇ ಏನು ಅನ್ನಿಸಿತು. ಆಚೆಯ ನೇರ ದಾರಿಯಲ್ಲಿ ಹೋಗುವಾಗ ಆಕೆಯ ಎದೆ ಕೊಣ್ಣೂರಿನ ದಿಕ್ಕಿಗಿತ್ತು, ಈಚೆಯ ನೇರಕ್ಕೆ ಬಂದಾಗ ಬೆನ್ನು ಅತ್ತ. ಇಷ್ಟು ವರ್ಷ ಕಲಿಸಿದ್ದು ಕಣ್ಣ ಮುಂದೆ ಕಾಲು ಬಂದು ಓಡುತ್ತಿತ್ತು. ಆಕೆಯ ವೇಗ ಒಂದು ಗಳಿಗೆಯೂ ಸೊನ್ನೆಯಾಗಿರಲಿಲ್ಲ. ಆದರೆ ಆಚೆ ಇಟ್ಟ ಒಂದೊಂದು ಹೆಜ್ಜೆಯನ್ನೂ ಈಚೆ ಇಡುವ ಹೆಜ್ಜೆ ಕಳೆಯುತ್ತ ಬರುತ್ತಿತ್ತು.

ನಲವತ್ತು ಸೆಕೆಂಡಿನ ಹತ್ತಿರ ಆಕೆ ಅಂತಿಮ ಗೆರೆ ದಾಟಿ, ತಕ್ಷಣ ಅಲ್ಲೇ ಕಾಲೂರಿ ನಿಂತಳು. ಒಳಗಿನ ಹುಡುಗ ಹಿಂದೆ ಬಿದ್ದಿದ್ದ. ಅವನೂ ಬಂದ ಮೇಲೆ ಎಲ್ಲರನ್ನೂ ಸುತ್ತ ಕರೆದು ಸರಾಸರಿ ಜವ ಕೇಳಿದೆ. ಇನ್ನೂರು ಮೀಟರು, ನಲವತ್ತು ಸೆಕೆಂಡು, ಆಕೆಯದು ಸೆಕೆಂಡಿಗೆ ಐದು ಮೀಟರು ಎಂದರು. ಸರಾಸರಿ ವೇಗ ಕೇಳಿದೆ. ಇಬ್ಬರದೂ ಸೊನ್ನೆ ಎಂದು ಇಡೀ ಮೈದಾನಕ್ಕೆ ಕೇಳುವ ಹಾಗೆ ಕೂಗಿದರು. ಹುಡುಗಿ ಸೊಂಟದ ಮೇಲೆ ಕೈ ಇಟ್ಟುಕೊಂಡು, ಏದುಸಿರು ಬಿಡುತ್ತ, ಯಾರನ್ನೂ ನೋಡದೆ ಮುಂದಿನ ತಿರುವಿನ ಕಡೆ ನೋಡುತ್ತಿದ್ದಳು.

"ಅವಂದು ಸೊನ್ನಿ ಖರೆ. ನಂದು ಅಲ್ರಿ. ನಾ ನಿಂತಿದ್ದ ಗೆರಿ ಅಲ್ಲೈತಿ," ಎಂದು ಕೈ ಚಾಚಿದಳು. "ಅಲ್ಲೀ ತನಕಾ ನಾ ಹೋಗೇ ಇಲ್ಲ."

ಜಗಳಕ್ಕೆ ಕಾರಣವಾಗಿದ್ದ ಆ ಮುಂದಿನ ಗೆರೆಯನ್ನು ನಾವೆಲ್ಲ ಓಟ ಶುರುವಾದ ಮೇಲೆ ಮರೆತೇಬಿಟ್ಟಿದ್ದೆವು. ಒಂದು ಸುತ್ತಿನ ಓಟ ಅಂದರೆ ಸೊನ್ನೆ ಎಂದು ಬಾಯಿ ತಾನಾಗಿ ಅಂದುಬಿಟ್ಟಿತ್ತು. ಆಕೆ ಓಡಿದ್ದು ಅವನು ಓಡಿದಷ್ಟೇ ದೂರ, ಆದರೆ ತನ್ನ ಲೇನಿನ ಪೂರ್ತಿ ಸುತ್ತು ಅಲ್ಲ. ದೈಹಿಕ ಶಿಕ್ಷಕರು ನನ್ನ ಕಡೆ ತಿರುಗಿ, ತಮ್ಮ ಗೆರೆಗೆ ಬೆಲೆ ಇದೆಯೋ ಇಲ್ಲವೋ ಎಂಬಂತೆ ಮೀಸೆಯಲ್ಲೇ ನಕ್ಕರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಟೇಪು ತರಿಸಿದೆ.

ಆಕೆಯೇ ಟೇಪಿನ ಒಂದು ತುದಿ ಹಿಡಿದು ತಾನು ಹೊರಟ ಗೆರೆಯಲ್ಲಿ ಕುಳಿತಳು. ಇನ್ನೊಂದು ತುದಿಯನ್ನು ಒಳಗಿನ ಲೇನುಗಳ ಮೇಲಿಂದ ನೇರ ಎಳೆದು, ಆಕೆ ಓಟ ಮುಗಿಸಿದ ಅಂತಿಮ ಗೆರೆಗೆ ತಂದೆವು. ಇಪ್ಪತ್ತೆರಡು ಮೀಟರಿಗೆ ಸ್ವಲ್ಪ ಕಡಿಮೆ ಬಂತು. ನಲವತ್ತರಿಂದ ಭಾಗಿಸಿದರೆ ಸೆಕೆಂಡಿಗೆ ಅರ್ಧ ಮೀಟರಿಗಿಂತ ತುಸು ಹೆಚ್ಚು. ಐದು ಮೀಟರಿನ ಜವದಲ್ಲಿ ಓಡಿದವಳ ಸರಾಸರಿ ವೇಗ ಇಷ್ಟೇ. ದಿಕ್ಕು ಹೇಳದೆ ವೇಗ ಹೇಳಿದರೆ ನಾನು ಬಿಡುವವಳಲ್ಲ ಎಂಬುದು ಎಲ್ಲರಿಗೂ ಗೊತ್ತು. ದಿಕ್ಕು ಯಾವುದು ಎಂದು ಕೇಳಿದೆ.

ಆಕೆ ಹೊರಟ ಗೆರೆಯಲ್ಲಿ ಎದ್ದು ನಿಂತು, ಓಡುವಾಗ ಮುಖ ಇದ್ದ ಕಡೆ ಒಮ್ಮೆ ನೋಡಿದಳು. ಆಮೇಲೆ ನಿಧಾನ ತಿರುಗಿ ಟೇಪು ಹೋದ ದಾರಿ ನೋಡಿದಳು.

"ಹಿಂದಕ್ಕ," ಎಂದಳು. ಧ್ವನಿ ಸಣ್ಣದಾಗಿತ್ತು. "ಇಷ್ಟು ಮುಂದ ಮುಂದ ಓಡಿ, ನಂದು ಹಿಂದಕ್ಕ ಐತ್ರಿ ಮೇಡಮ್."

ಗೆದ್ದವಳ ಸರಾಸರಿ ವೇಗ ಆಕೆಯ ಬೆನ್ನ ಕಡೆಗೆ! ಬೋರ್ಡಿನ ಮೇಲೆ ದುಂಡನೆ ಗೆರೆ ಎಳೆದು ಒಂದೇ ಚುಕ್ಕೆ ಇಡುತ್ತ ಬಂದವಳು ನಾನು. ದಿನಾ ತುಳಿದು ಓಡಾಡುವ ಸುಣ್ಣದ ಗೆರೆಗಳಲ್ಲಿ ಇಷ್ಟು ದೊಡ್ಡ ಸೋಜಿಗ ಮಲಗಿತ್ತಲ್ಲ ಎಂದು ನಿಂತಲ್ಲೇ ನಿಂತೆ. ಹಿಂದಿನ ಬೆಂಚಿನ ಭೂಪರೂ ಬಾಯಿ ತೆರೆದು ಟೇಪನ್ನೇ ನೋಡುತ್ತಿದ್ದರು. ಐದನೇ ಲೇನಿನವರದು ಇನ್ನೂ ಹೆಚ್ಚು ಹಿಂದಕ್ಕೋ, ಅರ್ಧ ದಾರಿಯಲ್ಲೇ ನಿಂತರೆ ಎಷ್ಟೋ ಎಂದು ಒಬ್ಬೊಬ್ಬರೇ ಕೇಳತೊಡಗಿದರು. ಹುಡುಗಿ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು. ನಾಳೆ ಏನು ಮಾಡುತ್ತೀ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಶನಿವಾರ ಬೆಳಗ್ಗೆ ಪ್ರಿನ್ಸಿಪಾಲರ ಕೋಣೆಗೆ ನನ್ನನ್ನು ಕರೆಸಿದರು. ಆಕೆಯ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮುಖದಲ್ಲಿ ಕಳೆಯಿಲ್ಲ. ಮಗಳು ಹಟ ಹಿಡಿದಿದ್ದಾಳೆ, ಅವಳ ಮನಸ್ಸಿಗೆ ವಿರುದ್ಧ ಹೋಗಲಾರೆ, ಆರ್ಟ್ಸ್‌ಗೇ ಹಾಕಿರಿ ಎಂದು ಮೆಲ್ಲಗೆ ಹೇಳಿದರು. ಪ್ರಿನ್ಸಿಪಾಲರು ಹುಡುಗಿಯನ್ನು ನೋಡಿದರು. ನಾನೂ ನೋಡಿದೆ.

ಬೇಡ ಎಂದಳು ಆಕೆ. ಅಪ್ಪ ಥಟ್ಟನೆ ತಿರುಗಿದರು.

"ಓಡಿದ್ದು ಸೊನ್ನಿ ಅಂತಾರ ಅಂತ ವಾರಗಟ್ಟಲೆ ಅತ್ತಿಯಲ್ಲ, ಈಗೇನಾತು?"

"ಸೊನ್ನಿ ಅಲ್ಲಪ್ಪಾ, ನಂದು ಹಿಂದಕ್ಕ ಐತಿ. ನಿನ್ನೆ ನಾನ ಟೇಪ್ ಹಿಡದು ಅಳದೇನಿ. ಇನ್ನೂ ಏನೇನ ಹಿಂಗ ಅದಾವೋ, ಅವನ್ನೆಲ್ಲಾ ನೋಡದ ನಾ ಇಲ್ಲಿಂದ ಹೋಗಂಗಿಲ್ಲ."

ಅಷ್ಟು ಹೇಳಿ, ಕ್ಲಾಸಿಗೆ ತಡವಾಯಿತೆಂದು ಹೊರಟೇ ಹೋದಳು. ಅಪ್ಪ ಹೆಲ್ಮೆಟ್ ಹಿಡಿದು ಎದ್ದು ನನ್ನ ಹತ್ತಿರ ಬಂದರು. ಔಷಧ ಕೊಡುವಾಗ ಚೀಟಿ ಓದುವ ಎಚ್ಚರದಲ್ಲಿ ನನ್ನ ಮುಖ ಓದಿ, ದನಿ ತಗ್ಗಿಸಿ ಕೇಳಿದರು.

"ಸೊನ್ನಿಗಿಂತ ಹಿಂದಕ್ಕಿರೂದು ಚಲೋ ಏನ್ರಿ ಮೇಡಮ್?"

ಮಗಳು ಹೋದ ಬಾಗಿಲ ಕಡೆ ಕೈ ತೋರಿಸಿದೆ.

"ಆಕೀಗೆ ಚಲೋ ಐತ್ರಿ," ಎಂದೆ. ಅವರು ಅಲ್ಲಿಯೇ ನಿಂತು ಕಣ್ಣು ಒರೆಸಿಕೊಂಡರು.