ಬಿಸಿಲು ಸೋಸುವ ಕಣ್ಣಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನೊಳಗೆ ಮರಳಿನ ಹಾಸಿನ ಮೇಲೆ ಮಲಗಿರುವ, ಕೆತ್ತಿ ಮುಗಿಸಿದ ಕಲ್ಲಿಗೆ ಕಣ್ಣಕ್ಕ ಚೊಂಬಿನಿಂದ ನೀರು ಹುಯ್ಯುತ್ತಾರೆ, ಎಳೆಗೂಸಿಗೆ ಎರೆದ ಹಾಗೆ. ಆಮೇಲೆ ಕುಕ್ಕರಗಾಲಲ್ಲಿ ಕೂತು ಅದು ಆರುವುದನ್ನೇ ಕಾಯುತ್ತಾರೆ. ಕಲ್ಲಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆ ಗೆರೆ ಮಾತ್ರ ಒದ್ದೆಯಾಗಿ ಉಳಿಯುತ್ತದೆ. ಇವತ್ತು ಕಲ್ಲೆಲ್ಲ ಒಂದೇ ಸಮ ಆರುತ್ತದೆ. ಕಣ್ಣಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ನಗುತ್ತಾರೆ.

ಇವರು ಕೆತ್ತುವುದು ಜಾಲಂಧ್ರ, ಅಂದರೆ ಮಸೀದಿಯ ಗೋಡೆಗೆ ಕೂರಿಸುವ ಕಲ್ಲಿನ ಜಾಲರಿ. ಅದರ ಒಂದೊಂದು ತೂತಿಗೂ ಇವರ ಕಸುಬಿನಲ್ಲಿ ಕಣ್ಣು ಎನ್ನುತ್ತಾರೆ. ಹೆಸರು ಬಂದದ್ದು ಅಲ್ಲಿಂದ. ಮಾವ ಕೆತ್ತುತ್ತಿದ್ದರು, ಗಂಡ ಲಾರಿಯ ಸ್ಟೇರಿಂಗ್ ಹಿಡಿದರು, ಮಾವನ ಉಳಿ ಸೊಸೆಯ ಕೈಗೆ ಬಂತು. ಒಂದೇ ಕಡೆಯಿಂದ ಹೊಡೆದರೆ ಆಚೆ ಮುಖ ಚಕ್ಕೆ ಹಾರುತ್ತದೆ. ಅದಕ್ಕೇ ಎರಡೂ ಮುಖದಲ್ಲಿ ಚಿತ್ರ ಬರೆದು, ಇತ್ತಲಿಂದ ಅರ್ಧ, ಅತ್ತಲಿಂದ ಅರ್ಧ ಕೊರೆದು ನಡುವೆ ಕೂಡಿಸಬೇಕು. ಕೈ ಕೂಡಿಬಂದ ದಿನ ಐದಾರು ಕಣ್ಣು ತೆರೆಯುತ್ತವೆ.

ಮಸೀದಿಯ ಮಾಳಿಗೆಯಲ್ಲಿ ಹೆಂಗಸರು ಕೂರುವ ಜಾಗವಿದೆ, ಎದುರಿಗೆ ಅಂಗಳ. ಅಲ್ಲಿನ ಹಳೆಯ ಜಾಲಂಧ್ರ ಒಡೆದು ಹೋದಾಗ ಹೊಸದನ್ನು ಕೆತ್ತಿದ್ದು ಕಣ್ಣಕ್ಕನೇ. ಮೆಟ್ಟಿಲು ಇಕ್ಕಟ್ಟು, ಹೊರುವವರಿಗೆ ಕಷ್ಟವೆಂದು ಕಲ್ಲನ್ನು ತೆಳ್ಳಗೆ ಮಾಡಿದ್ದರು. ಕಣ್ಣಿನ ಅಳತೆ ಮಾತ್ರ ಹಳೆಯದೇ. ಅಲ್ಲೇ ಎಡವಟ್ಟಾಯಿತು. ದಪ್ಪ ಕಲ್ಲಿನಲ್ಲಿ ನಡುಹಗಲ ಬಿಸಿಲು ಕಣ್ಣಿನ ಒಳಗೋಡೆಗೆ ಬಡಿದು, ಸೋತು, ತಣ್ಣಗಿನ ಬೆಳಕಾಗಿ ಒಳಗೆ ಜಾರುತ್ತದೆ. ತೆಳು ಕಲ್ಲಿನಲ್ಲಿ ತಡೆಯಿಲ್ಲ, ನೇರ ನುಗ್ಗಿತು. ಒಳಗೆಲ್ಲ ಬೆಳಕಾದ್ದರಿಂದ ಅಂಗಳದಲ್ಲಿದ್ದವರಿಗೆ, ಕಾಣಬಾರದ ಮಾಳಿಗೆಯ ಮುಖಗಳೂ ಕಾಣಿಸಿದವು.

ಮೊದಲು ಬಾಯಿ ಬಿಟ್ಟವರು ಸ್ವಂತ ಅತ್ತೆಯೇ. "ಮಡಿಲ ತುಂಬ ಕೆಂಡ ಸುರಿದ ಹಾಗಿತ್ತಮ್ಮ. ಸಾಲದ್ದಕ್ಕೆ, ನಾನು ಆಕಳಿಸಿದ್ದು ಕೆಳಗಿನ ಮುದುಕರಿಗೆಲ್ಲ ಕಂಡಿದೆ."

ಆ ಕಲ್ಲು ಇಳಿಯಿತು, ಪ್ಲೈವುಡ್ ಏರಿತು. ಮಾಳಿಗೆ ಕುದಿಯುವ ಪಾತ್ರೆಯಾಯಿತು. ಕಣ್ಣಕ್ಕ ಕೆತ್ತುವ ಇನ್ನೊಂದು ಕಲ್ಲೂ ಸರಿಹೋಗದಿದ್ದರೆ ಗಾಜು ಕೂರಿಸಿ ಪರದೆ ಎಳೆದುಬಿಡೋಣ ಎಂದು ಮಸೀದಿ ಸಮಿತಿಯವರು ಹೇಳಿದ್ದಾರೆ. ಆಮೇಲೆ ಈ ಊರಲ್ಲಿ ಜಾಲಂಧ್ರ ಕೇಳುವವರಿಲ್ಲ.

"ಕಣ್ಣು ಎಷ್ಟು ಅಗಲವೋ ಕಲ್ಲು ಅಷ್ಟಾದ್ರೂ ದಪ್ಪ ಇರ್ಬೇಕು. ಮಾವ ಹೇಳ್ಕೊಟ್ಟ ಮೊದಲ ಪಾಠ ಅದು. ಹೊರೋರ ಬೆನ್ನು ನೋಡಿ ಮರೆತ್ಬಿಟ್ಟೆ" ಎನ್ನುತ್ತಾರೆ ಕಣ್ಣಕ್ಕ.

ಈ ಸಲ ಕಲ್ಲು ದಪ್ಪ. ಹೊರುವವರು ಕಣ್ಣಕ್ಕನ ಏಳು ತಲೆಮಾರನ್ನು ನೆನೆಯುತ್ತಲೇ ಮೆಟ್ಟಿಲೇರುತ್ತಾರೆ. ಗಂಡನೂ ಒಂದು ಮೂಲೆ ಹಿಡಿದಿದ್ದಾರೆ. ನನ್ನ ಲಾರಿಯೇ ಇದಕ್ಕಿಂತ ಹಗುರ ಎಂದು ಗೊಣಗುತ್ತಾರೆ. ಕಲ್ಲು ಗೋಡೆಯಲ್ಲಿ ಕೂರುವ ಹೊತ್ತಿಗೆ ಸೂರ್ಯ ನೆತ್ತಿಗೆ ಬರುತ್ತಿದ್ದಾನೆ. ಕಣ್ಣಕ್ಕ ಒಂದು ನೂಲಿನ ಎಳೆ ತೆಗೆದು ಕೆಳಸಾಲಿನ ಸಣ್ಣ ಕಣ್ಣಿಗೆ ಹಿಡಿಯುತ್ತಾರೆ. ಎಳೆ ಒಳಮುಖವಾಗಿ ಬಾಗುತ್ತದೆ: ಅಂಗಳದ ನೆರಳಿನ ತಂಪು ಗಾಳಿ ಬರುತ್ತಿದೆ. ಏಣಿ ಹತ್ತಿ ಮೇಲುಸಾಲಿನ ದೊಡ್ಡ ಕಣ್ಣಿಗೆ ಹಿಡಿದರೆ ಎಳೆ ಹೊರಕ್ಕೆ ತೊನೆಯುತ್ತದೆ: ಮೇಲೇರಿದ ಸೆಕೆ ಹೊರಟಿದೆ.

ಇನ್ನು ಉಳಿದದ್ದು ಅತ್ತೆಯ ಪರೀಕ್ಷೆ. ಅವರು ನೆರೆಯ ಹೆಂಗಸರ ದಂಡು ಕಟ್ಟಿಕೊಂಡು ಮಾಳಿಗೆ ಏರುತ್ತಾರೆ, ಮೊದಲು ಟ್ಯೂಬ್‌ಲೈಟ್ ಆರಿಸುತ್ತಾರೆ. ಒಳಗೆ ದೀಪ ಉರಿದರೆ ಲೆಕ್ಕವೆಲ್ಲ ತಲೆಕೆಳಗು, ನೋಡುವವರೇ ನೋಟಕ್ಕೆ ಸಿಗುತ್ತಾರೆ. ಕಣ್ಣಕ್ಕ ಅಂಗಳದ ಆಚೆ ತುದಿಗೆ ಹೋಗಿ ನಿಂತು ತಲೆ ಎತ್ತುತ್ತಾರೆ. ಬಿಸಿಲಿಗೆ ಬೆಳಗುವ ಕಲ್ಲು, ಅದರ ತುಂಬ ಕಪ್ಪು ನಕ್ಷತ್ರಗಳು, ಬೇರೇನಿಲ್ಲ. ಆ ಕಪ್ಪಿನ ಹಿಂದಿನಿಂದ ಕಿಲಕಿಲ ನಗು.

"ಏನಾದ್ರೂ ಕಾಣ್ತಿದ್ಯೇನೇ?" ಅತ್ತೆಯ ದನಿ.

"ಏನೂ ಇಲ್ಲ ಅತ್ತೆ."

"ನಾನು ಆಗ್ಲಿಂದ ನಿನಗೆ ನಾಲಿಗೆ ಚಾಚ್ತಾ ಇದೀನಿ. ನನಗಂತೂ ಎಲ್ಲ ಕಾಣ್ತಿದೆ. ರವಿಕೆ ಹೊಲಿಗೆ ಬಿಟ್ಟಿದೆ ನೋಡ್ಕೋ."

ಅಂಗಳದಲ್ಲಿದ್ದ ಸಮಿತಿಯ ಹಿರಿಯರೂ ನಗು ತಡೆಯಲಾರದೆ ಗಡ್ಡ ಸವರಿಕೊಳ್ಳುತ್ತಾರೆ. ಗಾಜಿನ ಮಾತನ್ನು ಮತ್ತೆ ಯಾರೂ ಎತ್ತುವುದಿಲ್ಲ.

ಈಗ ಏನಾಸೆ ಎಂದು ಕೇಳಿದರೆ ಕಣ್ಣಕ್ಕ ರವಿಕೆಯ ತೋಳು ಮುಚ್ಚಿಕೊಳ್ಳುತ್ತಾ, "ನನಗೂ ಒಂದು ಮಧ್ಯಾಹ್ನ ಅಲ್ಲಿ ಸುಮ್ನೆ ಕೂತ್ಕೋಬೇಕು. ಯಾವತ್ತೂ ಈಚೆಯಿಂದ್ಲೇ ನೋಡಿದ್ದಾಯ್ತು" ಎನ್ನುತ್ತಾರೆ. ಹೇಳಿದವರೇ ಮೆಟ್ಟಿಲು ಏರುತ್ತಾರೆ. ಉಳಿದ ಹೆಂಗಸರು ಇಳಿದು ಹೋಗಿದ್ದಾರೆ. ಅತ್ತೆ ಮಾತ್ರ ಕೆಳಸಾಲಿಗೆ ಕೆನ್ನೆ ಆನಿಸಿ, ಬಾಯಿ ಅರೆ ತೆರೆದು ನಿದ್ದೆ ಹೋಗಿದ್ದಾರೆ. ಮಡಿಲಲ್ಲಿ ಒಂದು ಬಿಸಿಲ ಚುಕ್ಕಿಯೂ ಇಲ್ಲ. ಗಾಳಿಗೆ ನೆರೆಗೂದಲು ಅಲುಗುತ್ತಿದೆ.

ಕಣ್ಣಕ್ಕ ಸದ್ದಾಗದಂತೆ ಪಕ್ಕದಲ್ಲಿ ಕೂರುತ್ತಾರೆ. "ಎಬ್ಬಿಸ್ಬೇಡಿ" ಎಂದು ಹಿಂದೆ ಬಂದವರಿಗೆ ಪಿಸುಗುಡುತ್ತಾರೆ. "ಇದಕ್ಕಿಂತ ದೊಡ್ಡ ಶಹಬ್ಬಾಸ್ ಅವರ ಬಾಯಲ್ಲಿ ಬರಲ್ಲ."