ಗೋಡೆಯ ಮೇಲಿನ ಕೆಂಪು ರವೆ

ನನ್ನದು ಮೂಗಿನ ತುದಿಯಲ್ಲೇ ಸಿಟ್ಟು. ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದಾಗ ಅದನ್ನು ಹೆಚ್ಚು ಅನುಭವಿಸಿದವಳು ಭೌತಶಾಸ್ತ್ರದ ಲ್ಯಾಬಿನಲ್ಲಿ ನನಗೆ ಜೋಡಿಯಾಗಿದ್ದ ಗೆಳತಿ. ಅವತ್ತು ಲೇಸರ್ ಪ್ರಯೋಗ. ಕಿರಣವನ್ನು ಮಸೂರದಿಂದ ಅಗಲಿಸಿ ಸುಣ್ಣದ ಗೋಡೆಗೆ ಬಿಟ್ಟಿದ್ದೆವು. ತಟ್ಟೆಯಗಲದ ಕೆಂಪು ಬೆಳಕು ಬಿತ್ತು, ಆದರೆ ನುಣುಪಾಗಿ ಅಲ್ಲ. ಯಾರೋ ರವೆ ಚೆಲ್ಲಿದ ಹಾಗೆ ಕೆಂಪು, ಕಪ್ಪು ಚುಕ್ಕಿಗಳು ತುಂಬಿಕೊಂಡು ಮಿಣುಕುತ್ತಿದ್ದವು.

"ಮಸೂರಾನ ಓಢಣಿಲೆ ಒರಿಸೀದ್ಯೇನ? ಬರೀ ಧೂಳ ನೋಡು!" ಎಂದು ಗೆಳತಿಯ ಮೇಲೆ ಹರಿಹಾಯ್ದೆ.

"ನಾ ಮುಟ್ಟೇ ಇಲ್ಲವಾ. ನನಗೂ ಹಂಗ ಕಾಣಾಕತ್ತೈತಿ," ಎಂದಳು ಪಾಪ.

ಮಸೂರ ಒರೆಸಿದರೂ ರವೆ ಹೋಗಲಿಲ್ಲ. ನನ್ನ ಚಷ್ಮಾಕ್ಕೇ ಧೂಳು ಹತ್ತಿರಬೇಕೆಂದು ಅದನ್ನು ತೆಗೆದೆ. ಗೋಡೆಯ ಅಂಚು, ಸ್ವಿಚ್ ಬೋರ್ಡು ಎಲ್ಲ ಮಬ್ಬಾದವು. ಚುಕ್ಕಿಗಳು ಮಾತ್ರ ಹಾಗೇ ಚೂಪಾಗಿ ನಿಂತಿದ್ದವು. ಗೋಡೆಯ ಮೇಲಿದ್ದಿದ್ದರೆ ಅವೂ ಮಬ್ಬಾಗಬೇಕಿತ್ತಲ್ಲ? ಹಾಗಾದರೆ ಅವು ನನ್ನ ಕಣ್ಣಿನಲ್ಲೇ ಇವೆ!

ಇಳಕಲ್ಲಿನಲ್ಲಿ ನನ್ನ ಅಪ್ಪ ದರ್ಜಿಯಾಗಿದ್ದ. ನಾನು ಚಿಕ್ಕವಳಿದ್ದಾಗಲೇ ಅವನ ಕಣ್ಣಿನ ಒಳಗಿನ ಪರದೆ ಕೆಡುತ್ತ ಬಂತು. ಮೊದಲು ಸೂಜಿಯ ಕಣ್ಣು ಕಾಣದಾಯಿತು, ಆಮೇಲೆ ಬಟ್ಟೆಯ ಮೇಲಿನ ಗುರುತು, ಕೊನೆಗೆ ನನ್ನ ಮುಖ. ಇದು ಮಕ್ಕಳಿಗೂ ಬರಬಹುದು ಎಂದು ಡಾಕ್ಟರು ಅವ್ವನಿಗೆ ಹೇಳಿದ್ದನ್ನು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿದ್ದೆ. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅಂಜಿಕೆಗೆ ಕಿವಿ ಇರುವುದಿಲ್ಲ ನೋಡಿ, ಗೆಳತಿ ತನಗೂ ಕಾಣುತ್ತದೆ ಎಂದದ್ದು ನನ್ನ ತಲೆಗೆ ಹೋಗಲೇ ಇಲ್ಲ.

ಪಾಠ ಮಾಡುವ ಮೇಡಮ್ ಹತ್ತಿರ ಬಂದರು. "ಯಾಕವಾ, ಮಾರಿ ಸಪ್ಪಗ ಆತು?"

"ಚುಕ್ಕಿ ನನ್ನ ಕಣ್ಣಾಗ ಅದಾವ್ರಿ ಮೇಡಮ್. ಚಷ್ಮಾ ತಗದ್ರೂ ಹೋಗವಲ್ಲವು," ಎಂದೆ. ಅಪ್ಪನ ಕಥೆಯೂ ಬಾಯಿಂದ ಹೊರಬಿತ್ತು, ಅಳುವೂ ಬಂತು.

ಅವರು ನಗಲಿಲ್ಲ. ಅದಕ್ಕಾಗಿ ಇಂದಿಗೂ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

"ನೀ ಹೇಳಿದ್ದು ಖರೆ ಐತಿ. ಚುಕ್ಕಿ ಕಣ್ಣಾಗ ಅದಾವ. ನನ್ನ ಕಣ್ಣಾಗೂ ಅದಾವ," ಎಂದರು. ರಟ್ಟಿನ ಚೂರಿಗೆ ಪಿನ್ನಿನಿಂದ ತೂತು ಮಾಡಿ ಕೊಟ್ಟರು. ಅದರೊಳಗಿಂದ ನೋಡಿದರೆ ರವೆಯ ಕಾಳುಗಳು ದಪ್ಪಗಾದವು! "ರೋಗದ ಚುಕ್ಕಿ ಆಗಿದ್ರ ತೂತಿನ್ಯಾಗ ನೋಡಿದ್ಕೂಡ್ಲೆ ಹಿಂಗ ಬೆಳೀತಿತ್ತೇನು?" ಆಮೇಲೆ ಒಂದು ಮಬ್ಬುಗಾಜನ್ನು ಕಿರಣಕ್ಕೆ ಅಡ್ಡ ಹಿಡಿದು ಗರಗರ ತಿರುಗಿಸಿದರು. ರವೆ ಕರಗಿ ಕೆಂಪು ನುಣ್ಣಗಾಯಿತು. ಗಾಜು ನಿಲ್ಲಿಸಿದೊಡನೆ ಮತ್ತೆ ಬಂತು.

ಕಣ್ಣಿಗೆ ಸಪಾಟಾಗಿ ಕಾಣುವ ಗೋಡೆ ಬೆಳಕಿನ ಅಲೆಯ ಅಳತೆಗೆ ಬರೀ ಉಬ್ಬುತಗ್ಗು ಎಂದು ವಿವರಿಸಿದರು. ಒಂದೊಂದು ಉಬ್ಬಿನಿಂದ ಚದುರಿದ ಅಲೆ ಒಂದೊಂದು ದೂರ ನಡೆದು ಕಣ್ಣಿಗೆ ಬರುತ್ತದೆ. ಕಣ್ಣಿನ ಒಳಗಿನ ಪರದೆಯ ಮೇಲೆ ಅಲೆಗಳ ಏರಿಳಿತ ಕೂಡಿಬಂದ ಕಡೆ ಬೆಳಕು, ಒಂದರ ಏರು ಇನ್ನೊಂದರ ಇಳಿತವನ್ನು ಅಳಿಸಿದ ಕಡೆ ಕತ್ತಲು. ಚುಕ್ಕಿಗಳು ಹುಟ್ಟುವುದೇ ಕಣ್ಣೊಳಗಾದ್ದರಿಂದ ಚಷ್ಮಾ ತೆಗೆದರೂ ಮಬ್ಬಾಗಲಿಲ್ಲ. ಲೇಸರಿನ ಅಲೆಗಳು ಒಂದೇ ತಾಳದಲ್ಲಿರುವುದರಿಂದ ಈ ವಿನ್ಯಾಸ ನಿಲ್ಲುತ್ತದೆ. ಟ್ಯೂಬ್‌ಲೈಟಿನಲ್ಲಿ ನೂರು ಬಗೆಯ ಅಲೆ, ತಾಳವಿಲ್ಲ. ಕಾಳುಗಳು ಹುಟ್ಟಿದ ಕ್ಷಣಕ್ಕೇ ಒಂದರಲ್ಲೊಂದು ಬೆರೆತುಹೋಗುತ್ತವೆ. ತಿರುಗುವ ಗಾಜು ಮಾಡಿದ್ದೂ ಅದನ್ನೇ.

"ಈಗ ಚಷ್ಮಾ ಹಾಕ್ಕೊಂಡು ತಲಿ ಬಲಕ್ಕ ಸರಸು. ಚುಕ್ಕಿ ಯಾ ಕಡೆ ಹೋಗ್ತಾವ?"

"ಎಡಕ್ರಿ."

"ದೂರದ್ದು ಮಬ್ಬ ಕಾಣೋರಿಗೆ ಉಲ್ಟಾ ಓಡ್ತಾವ. ಚಷ್ಮಾ ಹಾಕ್ಕೊಂಡ್ರೂ ಓಡ್ತಾವಂದ್ರ ನಿನ್ನ ಚಷ್ಮಾದ ನಂಬರ್ ಏರೇತಿ. ಆದ್ರ ಪರದಿ ಹೆಂಗೈತಿ ಅಂತ ಲೇಸರ್ ಹೇಳೂದಿಲ್ಲ. ಡಾಕ್ಟರ್ ಕಡೆ ಹೋಗು. ಒಬ್ಬಾಕಿ ಹೋಗಬ್ಯಾಡ, ಅಪ್ಪನ್ನ ಕರಕೊಂಡು ಹೋಗು."

ಆ ಕೊನೆಯ ಮಾತಿನ ಋಣ ದೊಡ್ಡದು. ಅಪ್ಪನಿಗೆ ಫೋನು ಮಾಡಿದೆ. ಅವ್ವನ ಕೈ ಹಿಡಿದು ಬಸ್ಸಿನಲ್ಲಿ ಬಾಗಲಕೋಟೆಗೆ ಬಂದ. ಡಾಕ್ಟರು ನನ್ನ ಕಣ್ಣಿಗೆ ಹನಿ ಹಾಕಿ ಬಹಳ ಹೊತ್ತು ನೋಡಿದರು.

"ಅಪ್ಪನ ರೋಗದ ಗುರುತು ಏನೂ ಇಲ್ಲ. ನಂಬರ್ ಅಷ್ಟ ಏರೇತಿ. ವರ್ಷಕ್ಕೊಮ್ಮಿ ತೋರಿಸ್ರಿ," ಎಂದರು.

ಹೊರಗಿನ ಬೆಂಚಿನ ಮೇಲೆ ಅಪ್ಪ ನನ್ನ ಕೈ ಬಿಡಲೇ ಇಲ್ಲ. "ನಿನಗ ಹೆಂಗ ಕಾಣ್ತೈತಿ ಅಂತ ಎಷ್ಟ ಸಲ ಕೇಳಬೇಕಂತಿದ್ದೆ, ಮಗಳ. ಅಂಜಿಕಿ ಬಂದು ಸುಮ್ನಾಗ್ತಿದ್ದೆ. ಈಗ ಕೇಳ್ತೇನಿ. ನನ್ನ ಮಾರಿ ಹೆಂಗ ಕಾಣ್ತೈತಿ ಹೇಳು?"

"ಗಡ್ಡ ಬೋಳಿಸಿಲ್ಲ ನೀ. ಎಲ್ಲಾ ಬೆಳ್ಳಗಾಗೇತಿ," ಎಂದೆ, ನಗುತ್ತ.

ಅಪ್ಪ ಎರಡೂ ಕೈಯಿಂದ ಗಲ್ಲ ಸವರಿಕೊಂಡ.

"ಬೆಳ್ಳಗಾಗೇತೇನು? ನನಗ ಯಾರೂ ಹೇಳೇ ಇಲ್ಲಲ್ಲವಾ."