ಸ್ವಿಚ್ ಆಫ್ ಆಗದ ಫೋನು

ನನ್ನ ತಂಗಿ ಸುಳ್ಳುಗಾತಿ ಎಂದು ಮೊದಲು ಸಾರಿದ್ದು ನಮ್ಮ ಫೋನ್ ಕಂಪನಿಯ ರೆಕಾರ್ಡ್ ಮಾಡಿದ ಹೆಣ್ಣುದನಿ. ‘ನೀವು ಕರೆ ಮಾಡಿದ ಚಂದಾದಾರರ ಫೋನ್ ಸ್ವಿಚ್ ಆಫ್ ಆಗಿದೆ ಅಥವಾ ವ್ಯಾಪ್ತಿ ಪ್ರದೇಶದ ಹೊರಗಿದೆ’ ಎಂದು ತೆಲುಗಿನಲ್ಲಿ ಬಹಳ ಮರ್ಯಾದೆಯಿಂದ ಹೇಳುತ್ತದೆ. ಕೇಳಿದವರಲ್ಲಿ ‘ಅಥವಾ’ ಬರುವವರೆಗೆ ಯಾರು ಕಾಯುತ್ತಾರೆ? ಅಷ್ಟರಲ್ಲಿ ಬಟನ್ ಒತ್ತಿ ಬೈಯಲು ಶುರು ಮಾಡಿರುತ್ತಾರೆ.

ತಂಗಿ ವಿಶಾಖಪಟ್ಟಣದ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಥಿಯೇಟರಿನ ನರ್ಸು. ಧಾರವಾಡದಿಂದ ಮದುವೆಯಾಗಿ ಬಂದವಳು. ಅತ್ತೆಮನೆಯವರ ಕನ್ನಡ ಈಗ ಹಬ್ಬದ ದಿನ ಮಾತ್ರ ಹೊರಬರುತ್ತದೆ. ಮನೆ ಸಿಂಹಾಚಲಂ ಬೆಟ್ಟದ ಬುಡದಲ್ಲಿ. ಅವಳ ಪಾಳಿಯಲ್ಲಿ ಆಗಾಗ ‘ಕಾಲ್ ಡ್ಯೂಟಿ’ ಬರುತ್ತದೆ: ಮನೆಯಲ್ಲೇ ಇರಬಹುದು, ಆದರೆ ತುರ್ತು ಆಪರೇಷನ್ ಇದ್ದರೆ ಫೋನ್ ಬರುತ್ತದೆ, ಕೂಡಲೇ ಹೋಗಬೇಕು. ಕಾಲ್ ಡ್ಯೂಟಿಯ ದಿನ ಅವಳು ಸ್ನಾನಕ್ಕೆ ಹೋದರೂ ಫೋನನ್ನು ಬಾಗಿಲ ಬಳಿ ಇಟ್ಟು ಹೋಗುವವಳು. ಅಂಥವಳ ಫೋನು ಆಸ್ಪತ್ರೆಯವರಿಗೆ ಒಮ್ಮೆ ಸಿಕ್ಕರೆ ಒಮ್ಮೆ ಸಿಗುತ್ತಿರಲಿಲ್ಲ. ಒಂದು ಸಲ ಹೆರಿಗೆಯ ಆಪರೇಷನ್ನಿಗೆ ಬೇರೆ ನರ್ಸನ್ನು ಹುಡುಕುವಷ್ಟರಲ್ಲಿ ತಡವಾಯಿತು. ಪುಣ್ಯಕ್ಕೆ ತಾಯಿ, ಮಗು ಇಬ್ಬರೂ ಉಳಿದರು. ಥಿಯೇಟರಿನ ಮೇಲ್ವಿಚಾರಕಿ ಎಲ್ಲರೆದುರು, ‘ಮನೆಯಲ್ಲಿ ನಿದ್ದೆ ಮಾಡೋಕೆ ಫೋನ್ ಆಫ್ ಮಾಡ್ತೀಯಾ? ಇನ್ನೊಂದು ಸಲ ಹೀಗಾದರೆ ಥಿಯೇಟರಿಗೆ ಬರೋದೇ ಬೇಡ’ ಎಂದರಂತೆ.

ನಾನು ವಿಜಯವಾಡದಲ್ಲಿ, ಅದೇ ಫೋನ್ ಕಂಪನಿಯ ಕಚೇರಿಯಲ್ಲಿ, ನೆಟ್‌ವರ್ಕ್ ನೋಡಿಕೊಳ್ಳುವ ಎಂಜಿನಿಯರು. ಭವಾನಿಪುರಂನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಅವಳ ಫೋನು ಬಂತು.

‘ಅಣ್ಣಾ, ದೇವ್ರಾಣಿ, ನನ್ನ ಫೋನ್ ಚಾಲೂನ ಇತ್ತೋ. ಕೈಯಾಗ ಹಿಡ್ಕೊಂಡ ಕೂತಿದ್ದೆ. ಸಿಗ್ನಲ್ ಕಡ್ಡಿ ಎಲ್ಲಾ ಫುಲ್ ಇದ್ವು. ಯಾರೂ ನಂಬವಲ್ರು.’

‘ನೀ ಯಾರಿಗರ ಫೋನ್ ಹಚ್ಚಿದ್ರ ಹೋಗ್ತದೇನು?’

‘ಹೋಗ್ತದ. ಅದಕ್ಕ ನಿಮ್ಮ ಕಂಪನಿಗೆ ಕಂಪ್ಲೇಂಟ್ ಕೊಟ್ರ, “ಎಲ್ಲಾ ಸರಿ ಅದ ಮೇಡಂ” ಅಂದು ಕೈ ತೊಳಕೊಂಡ್ರು. ನೀನೂ ನಂಬಂಗಿಲ್ಲೇನು?’

ನನಗೆ ಅನ್ನ ಸೇರಲಿಲ್ಲ.

ಮುಂದಿನ ರಜೆಯಲ್ಲಿ ರೈಲು ಹತ್ತಿ ಹೋದೆ. ಅವಳ ಹಿಂದಿನ ಕೋಣೆಯಲ್ಲಿ ಫೋನನ್ನು ಮೇಜಿನ ಮೇಲಿಟ್ಟು, ಅದು ಯಾವ ಟವರನ್ನು ಕೇಳುತ್ತಿದೆ ಎಂದು ತೋರಿಸುವ ಪರದೆ ತೆರೆದು, ಸುಮ್ಮನೆ ನೋಡುತ್ತ ಕೂತೆ. ಯಾರೋ ಬಾಗಿಲು ಹಾಕಿದರೆ ಬೆಟ್ಟದ ಕಡೆಯ ಟವರು. ತೆಗೆದರೆ ರಸ್ತೆ ಬದಿಯ ಟವರು. ಪಕ್ಕದಲ್ಲಿ ಬರೆದ ಏರಿಯಾ ನಂಬರೂ ಪ್ರತಿ ಸಲ ಬದಲಾಗುತ್ತಿತ್ತು. ‘ಅಯ್ಯೋ ಮಾರಾಯ್ತಿ, ನಿನ್ನ ಮನಿ ಗಡಿ ಮ್ಯಾಲ ಅದ’ ಎಂದೆ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇನೆ. ಸುಮ್ಮನಿರುವ ಫೋನು ಪ್ರತಿ ಟವರಿಗೂ ತಾನಿರುವ ಜಾಗ ಹೇಳುತ್ತ ಕೂತರೆ ಬ್ಯಾಟರಿಯೂ ಉಳಿಯುವುದಿಲ್ಲ, ನೆಟ್‌ವರ್ಕೂ ಉಳಿಯುವುದಿಲ್ಲ. ಹಾಗಾಗಿ ಹಲವು ಟವರುಗಳನ್ನು ಸೇರಿಸಿ ಒಂದೊಂದು ಏರಿಯಾ ಮಾಡಿರುತ್ತೇವೆ. ಏರಿಯಾ ದಾಟಿದಾಗ ಫೋನು ತಾನಾಗಿ ‘ನಾನೀಗ ಇಲ್ಲಿದ್ದೇನೆ’ ಎಂದು ವರದಿ ಕೊಡುತ್ತದೆ. ಒಳಗೇ ಓಡಾಡಿದರೆ ಆಗೊಮ್ಮೆ ಈಗೊಮ್ಮೆ ‘ಇದ್ದೇನೆ’ ಎನ್ನುವುದು ಬಿಟ್ಟರೆ ಬಾಯಿ ಬಿಡುವುದಿಲ್ಲ. ನೆಟ್‌ವರ್ಕಿಗೆ ಓಣಿ ಗೊತ್ತು, ಮನೆ ಗೊತ್ತಿಲ್ಲ. ಕರೆ ಬಂದಾಗ ಆ ಓಣಿಯ ಟವರುಗಳೆಲ್ಲ ಅವಳನ್ನು ಕೂಗುತ್ತವೆ. ಇದಕ್ಕೆ ನಾವು ಪೇಜಿಂಗ್ ಎನ್ನುತ್ತೇವೆ. ಕೂಗು ಕೇಳಿದರೆ ಫೋನು ಓಗೊಡುತ್ತದೆ, ಆಮೇಲೆ ರಿಂಗಾಗುತ್ತದೆ.

ತಂಗಿಯ ಫೋನು ಇದ್ದ ಜಾಗದಲ್ಲೇ ಗಡಿ ದಾಟುತ್ತಿತ್ತು. ದಾಟಿ, ವರದಿ ಮುಟ್ಟಿಸುವ ಆ ಸಣ್ಣ ಅವಧಿಯಲ್ಲಿ ಕರೆ ಬಂದರೆ ಹಳೆಯ ಏರಿಯಾದಲ್ಲಿ ಕೂಗುತ್ತಾರೆ, ಇವಳು ಹೊಸದರಲ್ಲಿ. ವರದಿ ಮುಟ್ಟಿದ ಮೇಲೆ ಮತ್ತೊಮ್ಮೆ ಕೂಗಿದರೆ ಸಿಕ್ಕೇ ಸಿಗುತ್ತಾಳೆ. ಆದರೆ ನಮ್ಮ ಮ್ಯಾನೇಜರ್ ಮಹಾಶಯರು ಪೇಜಿಂಗ್ ಹೊರೆ ಇಳಿಸಿದ್ದೇನೆ ಎಂದು ಶಭಾಷ್‌ಗಿರಿ ಪಡೆಯಲು ಎರಡನೆಯ ಕೂಗನ್ನೇ ತೆಗೆಸಿ ಹಾಕಿದ್ದರು. ಅವಳೇ ಫೋನ್ ಹಚ್ಚಿದರೆ ಮಾತ್ರ ತೊಂದರೆ ಇಲ್ಲ, ಆಗ ಯಾರೂ ಅವಳನ್ನು ಹುಡುಕಬೇಕಾಗಿಲ್ಲವಲ್ಲ.

ದಾರಿ ಸುಲಭವಿತ್ತು. ಅಲ್ಲಿನ ಫೋನುಗಳಿಗೆ ಎರಡೂ ಏರಿಯಾಗಳನ್ನು ಒಂದೇ ಪಟ್ಟಿಯಲ್ಲಿ ಕೊಟ್ಟರೆ ಆಯಿತು. ಆಗ ಅತ್ತಿತ್ತ ಹೋದರೂ ವರದಿ ಬೇಡ, ಕೂಗುವುದೂ ಎರಡೂ ಕಡೆ. ವಿಜಯವಾಡಕ್ಕೆ ಬಂದು ಮ್ಯಾನೇಜರಿಗೆ ಎಲ್ಲ ತೋರಿಸಿದೆ.

ಅಂಕಿಅಂಶದ ಪರದೆ ತೋರಿಸಿ, ‘ಅನ್ನೀ ಗ್ರೀನೇ ಕದಂಡೀ’ ಎಂದರು. ಎಲ್ಲ ಹಸಿರಾಗಿಯೇ ಇದೆಯಲ್ಲ ಎಂದು. ಲಕ್ಷಾಂತರ ಕೂಗುಗಳ ಸರಾಸರಿಯಲ್ಲಿ ನನ್ನ ತಂಗಿ ಎಲ್ಲಿ ಕಾಣಬೇಕು? ‘ಪಟ್ಟಿ ದೊಡ್ಡದು ಮಾಡಿದರೆ ಹೊರೆ ಏರುತ್ತದೆ. ಬೇಕಾದರೆ ಡ್ರೈವ್ ಟೆಸ್ಟ್ ಮಾಡಿಸೋಣ’ ಎಂದೂ ಸೇರಿಸಿದರು.

ಮಾಡಿಸಿದರು. ಗಾಡಿಯಲ್ಲಿ ಫೋನಿಟ್ಟು, ಕರೆ ಹಚ್ಚಿ, ಕರೆ ಕಡಿಯದಂತೆ ಆ ಬೀದಿಯೆಲ್ಲ ಸುತ್ತಿಸಿ, ‘ಯಾವ ದೋಷವೂ ಇಲ್ಲ’ ಎಂದು ವರದಿ ತಂದರು. ಮಾತಾಡುತ್ತಿರುವ ಫೋನು ಯಾವ ಟವರಿನಲ್ಲಿದೆ ಎಂದು ನೆಟ್‌ವರ್ಕಿಗೆ ಕ್ಷಣಕ್ಷಣವೂ ಗೊತ್ತಿರುತ್ತದೆ. ಅದನ್ನು ಕೂಗುವ ಪ್ರಮೇಯವೇ ಇಲ್ಲ! ಎಚ್ಚರವಾಗಿ ಕೂತವನ ಮುಂದೆ ಅಲಾರಂ ಪರೀಕ್ಷಿಸಿದ ಹಾಗಾಯಿತು. ‘ಸಾರ್, ಫೋನನ್ನು ಸುಮ್ಮನೆ ಇಟ್ಟು ಹೊರಗಿನಿಂದ ಕರೆ ಮಾಡಿ ನೋಡಬೇಕು’ ಎಂದು ಬಡಕೊಂಡೆ. ‘ನಮ್ಮ ಪದ್ಧತಿಯಲ್ಲಿ ಹಾಗಿಲ್ಲ’ ಎಂದರು. ಹಾಳಾದ ಪದ್ಧತಿ.

ಕೊನೆಗೆ ಇಷ್ಟೇ ಕೇಳಿದೆ: ‘ತಪ್ಪು ನೆಟ್‌ವರ್ಕಿನದು, ಚಂದಾದಾರಳದ್ದಲ್ಲ ಎಂದು ಆಸ್ಪತ್ರೆಗೆ ಒಂದು ಮಾತು ಹೇಳಿಬಿಡಿ ಸಾರ್. ಅವಳ ಕೆಲಸ ಹೋಗುತ್ತದೆ.’ ಅವರು ನಗುತ್ತಲೇ, ‘ನಾಳೆ ಎಲ್ಲರೂ ಕೇಳುತ್ತಾರೆ. ಬೇರೆ ಸಿಮ್ ತಗೊಳ್ಳೋಕೆ ಹೇಳಿ’ ಎಂದರು. ನಮ್ಮ ಕಂಪನಿಯ ಮ್ಯಾನೇಜರು!

ಅವಳು ಬೇರೆ ಸಿಮ್ ಹಾಕಿಸಿಕೊಳ್ಳುವ ಮೊದಲೇ ಇನ್ನೊಂದು ಕರೆ ತಪ್ಪಿತು. ಮೇಲ್ವಿಚಾರಕಿ ಹೇಳಿದಂತೆಯೇ ಮಾಡಿದರು, ತಂಗಿಯನ್ನು ಕೆಲಸದಿಂದ ತೆಗೆದರು. ನಾನೇ ಆಸ್ಪತ್ರೆಗೆ ಹೋಗಿ ಅವರಿಗೆ ಗಡಿ, ಕೂಗು, ಏರಿಯಾ ಎಂದೆಲ್ಲ ಬಿಡಿಸಿ ಹೇಳಿದೆ. ‘ಅಣ್ಣ ಅಲ್ವಾ, ಹೇಳ್ತೀರಿ ಬಿಡಿ’ ಎಂದರು. ತಂಗಿ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ಆ ಹೊತ್ತು ಮ್ಯಾನೇಜರನ್ನು ಕೊಂದರೂ ಪಾಪವಿಲ್ಲ ಅನಿಸಿತ್ತು ನನಗೆ.

ಕೆಲವು ವಾರಗಳಲ್ಲಿ ಬೆಟ್ಟದ ದೇವರ ದರ್ಶನಕ್ಕೆ ಒಬ್ಬ ದೊಡ್ಡ ಮನುಷ್ಯರು ಬರುವ ಸುದ್ದಿ ಬಂತು. ಅವರ ಫೋನು ಒಂದು ಕ್ಷಣವೂ ಸಿಗದೆ ಹೋಗಬಾರದು ಎಂದು ಮೇಲಿನಿಂದ ಹುಕುಂ. ನಾನು ಕೇಳಿದ್ದ ಅದೇ ಬದಲಾವಣೆಯನ್ನು ಮ್ಯಾನೇಜರು ಒಂದೇ ಮಧ್ಯಾಹ್ನದಲ್ಲಿ, ನನ್ನ ಕೈಯಿಂದಲೇ ಮಾಡಿಸಿದರು. ಆಗ ಹೊರೆಯ ಮಾತೇ ಇಲ್ಲ.

ಆ ವಾರದ ರಜೆಗೆ ತಂಗಿಯ ಮನೆಯಲ್ಲಿದ್ದೆ. ಅವಳು ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಫೋನು ಮೊದಲ ಸಲಕ್ಕೇ ಗಟ್ಟಿಯಾಗಿ ರಿಂಗಾಯಿತು. ಆಸ್ಪತ್ರೆಯವರು ಮತ್ತೆ ಕರೆದರೇನೋ ಎಂದು ಬಟ್ಟೆ ಬಿಸಾಕಿ ಓಡಿದಳು. ಕಿವಿಗಿಟ್ಟುಕೊಂಡಳು. ಮುಖ ಇಳಿಯಿತು. ಸ್ಪೀಕರ್ ಹಾಕಿದಾಗ ಅದೇ ಹೆಣ್ಣುದನಿ: ನಿಮ್ಮ ದೂರು ಪರಿಹಾರವಾಗಿದೆ, ನಮ್ಮ ಸೇವೆಯಿಂದ ತೃಪ್ತಿಯಾಗಿದ್ದರೆ ಒಂದು ಒತ್ತಿ, ಇಲ್ಲದಿದ್ದರೆ ಎರಡು.

‘ಎರಡು ಒತ್ತು’ ಎಂದೆ.

ಅವಳು ನನ್ನನ್ನೇ ನೋಡಿದಳು. ‘ಎರಡು ಒತ್ತಿದ್ರ ನಿನ್ನ ನೌಕರಿಗೆ ಏನರ ಆಗ್ತದೇನೋ, ಅಣ್ಣಾ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಒಂದು ಒತ್ತಿದಳು.